ಏಳು ಸ್ಲೈಡು ಮುಂದೆ, ಒಂಬತ್ತು ಹಿಂದೆ

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮಲ್ಲಿ ಹನ್ನೆರಡು ವರ್ಷದ ಹಳೇ ಏರ್ ಕಂಪ್ರೆಸರ್ ಒಂದಿತ್ತು, 55 ಕಿಲೋವಾಟ್‌ನದು. ಗಾಳಿ ಬೇಕಿಲ್ಲದಾಗಲೂ ಅದರ ಮೋಟಾರು ಸುಮ್ನೆ ತಿರುಗುತ್ತಾ ಕರೆಂಟು ತಿನ್ನುತ್ತಿತ್ತು. ಅದನ್ನು ತೆಗೆದು, ಬೇಕಾದಷ್ಟೇ ವೇಗದಲ್ಲಿ ಓಡುವ ವಿ.ಎಫ್.ಡಿ. ಕಂಪ್ರೆಸರ್ ತರೋಣ ಅಂತ ನಾನು ಹೊರಟೆ. 14 ಲಕ್ಷದ ಮಾತು. ಹಾಗಾಗಿ ಎಂ.ಡಿ. ಮುಂದೆ ಪ್ರೆಸೆಂಟೇಶನ್ ಕೊಡಲೇಬೇಕಿತ್ತು.

ಮೊದಲು 26 ಸ್ಲೈಡ್ ಮಾಡಿದ್ದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯುವುದಿಲ್ಲ ಅನ್ನಿಸಿ, ಹಿಂದಿನ ರಾತ್ರಿ ಕೂತು ಹತ್ತೊಂಬತ್ತನ್ನು ಅಳಿಸಿದೆ. ಏಳು ಉಳಿದವು. ನೋಡಲು ಚೆನ್ನಾಗಿಯೇ ಇತ್ತು. ನಾಲ್ಕನೇ ಸ್ಲೈಡಿಗೆ ಬರುವಷ್ಟರಲ್ಲಿ ಎಂ.ಡಿ. ಕೇಳಿದರು: "ಪೈಪ್‌ಲೈನ್‌ನಲ್ಲಿ ಲೀಕ್ ಎಷ್ಟಿದೆ? ಅದನ್ನ ಸರಿ ಮಾಡಿದ್ರೆ ಈ ಹಳೇದೇ ಸಾಕಾಗಲ್ವಾ?"

ಉತ್ತರ ನನ್ನ ಹತ್ತಿರ ಇತ್ತು. ಆದರೆ ಅದು ನಾನು ಅಳಿಸಿದ ಸ್ಲೈಡಿನಲ್ಲಿತ್ತು. "ಒಂದ್ನಿಮಿಷ ಸರ್" ಅಂತ ಎಕ್ಸೆಲ್ ತೆಗೆದೆ. ಹದಿನಾಲ್ಕು ಶೀಟು. ಎಲ್ಲರೂ ಪರದೆ ಮೇಲೆ ನನ್ನ ಮೌಸ್ ಅಲೆದಾಡುವುದನ್ನೇ ನೋಡುತ್ತಾ ಕೂತಿದ್ದರು. ಕೊನೆಗೆ ಸಿಕ್ಕಿತು, ಆದರೆ ಅಷ್ಟು ಚಿಕ್ಕ ಅಕ್ಷರದಲ್ಲಿ ಯಾರಿಗೂ ಏನೂ ಕಾಣಲಿಲ್ಲ. "ಸರಿ, ಮುಂದಿನ ತಿಂಗಳು ನೋಡೋಣ" ಅಂದುಬಿಟ್ಟರು.

ಸ್ಲೈಡು ಕಡಿಮೆ ಮಾಡಿದ್ದು ತಪ್ಪಲ್ಲ, ಅದು ಸರಿಯೇ. ಕಡಿಮೆ ಮಾಡುವುದೆಂದರೆ ಅಳಿಸುವುದು ಅಂದುಕೊಂಡಿದ್ದೇ ತಪ್ಪು.

ಎರಡನೇ ಸಲ ಕಂಪ್ಯೂಟರ್ ಮುಟ್ಟುವ ಮೊದಲು ಏಳೂ ಸ್ಲೈಡುಗಳ ಪ್ರಿಂಟ್ ತೆಗೆದೆ. ಪ್ರತಿ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ, ಇದನ್ನು ನೋಡಿ ಯಾರು ಏನು ಕೇಳಬಹುದು ಅಂತ ಬರೆದೆ. ಅಂಕಿ ಇರುವ ಕಡೆಯೇ ಪ್ರಶ್ನೆ ಹುಟ್ಟುವುದು. ಉಳಿದ ಮಾತನ್ನು ಜನ ತಲೆಯಾಡಿಸಿ ಬಿಟ್ಟುಬಿಡುತ್ತಾರೆ. ಆಮೇಲೆ ಆ ಕಾಗದ ಹಿಡಿದು ಅಕೌಂಟ್ಸ್‌ನ ಮೇಡಂ ಹತ್ತಿರ ಹೋಗಿ, "ನೀವು ಏನೇನು ಕೇಳ್ತೀರಾ ಮೇಡಂ, ಈಗ್ಲೇ ಹೇಳಿಬಿಡಿ" ಅಂದೆ. ಅವರು ನಗುತ್ತಾ ನಾಲ್ಕು ಪ್ರಶ್ನೆ ಹೇಳಿದರು. ಅದರಲ್ಲಿ ಮೂರು ನನ್ನ ತಲೆಗೆ ಬಂದೇ ಇರಲಿಲ್ಲ. ಪ್ರೊಡಕ್ಷನ್‌ನವರನ್ನೂ ಹೀಗೆಯೇ ಕೇಳಿದೆ. ಒಟ್ಟು 23 ಪ್ರಶ್ನೆ ಆದವು.

ಇಪ್ಪತ್ಮೂರಕ್ಕೂ ಸ್ಲೈಡ್ ಮಾಡಿದರೆ ಮತ್ತೆ ಅದೇ ಗೋಳು. ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದಾದ ಉತ್ತರಗಳನ್ನು ಸ್ಲೈಡಿನ ಕೆಳಗಿನ ನೋಟ್ಸ್‌ನಲ್ಲಿ ಬರೆದುಕೊಂಡೆ. ವಾರಂಟಿ ಎಷ್ಟು ವರ್ಷ, ಡೆಲಿವರಿಗೆ ಎಷ್ಟು ವಾರ, ಇಂಥವು. ಟೇಬಲ್ಲೋ ಗ್ರಾಫೋ ಫೋಟೋವೋ ತೋರಿಸದೆ ಹೇಳಲಾಗದ ಉತ್ತರಗಳು ಒಂಬತ್ತು ಉಳಿದವು. ಅವೇ ಕೊನೆಯಲ್ಲಿ ಇಟ್ಟು, ಕೇಳಿದರೆ ಮಾತ್ರ ತೆರೆಯುವ ಬ್ಯಾಕಪ್ ಸ್ಲೈಡುಗಳಾದವು.

ಲೀಕಿನ ಪ್ರಶ್ನೆಯನ್ನು ಮಾತ್ರ ಹಿಂದಕ್ಕೆ ಹಾಕಲಿಲ್ಲ. ಯಾರನ್ನು ಕೇಳಿದರೂ ಮೊದಲು ಅದನ್ನೇ ಕೇಳುತ್ತಿದ್ದರು. ಎಲ್ಲರೂ ಕೇಳುವ ಪ್ರಶ್ನೆಯ ಉತ್ತರವನ್ನು ಹಿಂದೆ ಬಚ್ಚಿಟ್ಟು, ಕೇಳಿದ ಮೇಲೆ ತೆಗೆದು ತೋರಿಸುವುದು ಒಂಥರಾ ಜಾದೂ ಪ್ರದರ್ಶನ. ಒಂದು ಕ್ಷಣ ಜೋರಾಗಿ ಕಾಣುತ್ತದೆ, ನಿಜ. ಆದರೆ ಆ ಅನುಮಾನ ತಲೆಯಲ್ಲಿ ಕೊರೆಯುತ್ತಿರುವವರೆಗೂ ಎದುರಿಗಿದ್ದವರು ಬೇರೇನನ್ನೂ ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಅದು ಮುಖ್ಯ ಏಳರಲ್ಲಿ ಎರಡನೆಯದಾಯಿತು. ಅದಕ್ಕೆ ಜಾಗ ಕೊಡಲು ಕಂಪ್ರೆಸರ್ ಹೇಗೆ ಕೆಲಸ ಮಾಡುತ್ತದೆ ಅನ್ನುವ ಚೆಂದದ ಚಿತ್ರವನ್ನು ತೆಗೆದೆ. ಅದನ್ನು ಯಾರೂ ಕೇಳಿರಲಿಲ್ಲ.

ಮುಖ್ಯ ಸ್ಲೈಡಿನಲ್ಲಿ ಹೇಳಿದ್ದು ಇಷ್ಟೇ: ಲೀಕ್ 27% ಇತ್ತು, ಸರಿ ಮಾಡಿದ ಮೇಲೆ 11%. ಅಳೆದದ್ದು ಹೇಗೆ ಅನ್ನುವುದು ಬ್ಯಾಕಪ್‌ಗೆ ಹೋಯಿತು. ಭಾನುವಾರ ಎಲ್ಲ ಮಷಿನ್ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಓಡಿಸಬೇಕು. ಗಾಳಿ ಬಳಸುವವರು ಯಾರೂ ಇಲ್ಲ, ಆದರೂ ಪ್ರೆಶರ್ ಇಳಿಯುತ್ತದೆ ಅಂದರೆ ಅಷ್ಟೂ ಲೀಕಿನ ಲೆಕ್ಕ. ಕಂಪ್ರೆಸರ್ ಎಷ್ಟು ಸೆಕೆಂಡ್ ಲೋಡ್ ಆಗಿ ಗಾಳಿ ತುಂಬುತ್ತದೆ, ಎಷ್ಟು ಸೆಕೆಂಡ್ ಅನ್‌ಲೋಡ್‌ನಲ್ಲಿ ಸುಮ್ನೆ ತಿರುಗುತ್ತದೆ ಅಂತ ಸ್ಟಾಪ್‌ವಾಚ್ ಹಿಡಿದು ಬರೆದುಕೊಳ್ಳಬೇಕು. ನಮ್ಮಲ್ಲಿ ಲೋಡ್ 48 ಸೆಕೆಂಡ್, ಅನ್‌ಲೋಡ್ 132. ಒಟ್ಟು 180ರಲ್ಲಿ 48 ಅಂದರೆ ಸುಮಾರು 27%. ಹರಿದ ಹೋಸು, ಸವೆದ ಕಪ್ಲಿಂಗ್ ಬದಲಿಸಿದ ಮೇಲೆ ಪ್ರತಿ 180 ಸೆಕೆಂಡಿಗೆ ಲೋಡ್ ಸರಾಸರಿ 20ಕ್ಕೆ ಇಳಿಯಿತು, ಅನ್‌ಲೋಡ್ 160 ಆಯಿತು.

ಈ ಸ್ಲೈಡಿಗೆ ಮೊದಲು "ಲೀಕ್ ಟೆಸ್ಟ್ ವಿವರ" ಅಂತ ತಲೆಬರಹ ಕೊಟ್ಟಿದ್ದೆ. ಅದನ್ನು ನೋಡಿದವರು ಉತ್ತರಕ್ಕಾಗಿ ಟೇಬಲ್ ಪೂರ್ತಿ ಓದಬೇಕು. ಪ್ರಶ್ನೆ ಕೇಳಿದವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಅದನ್ನು "ಎಲ್ಲ ಮಷಿನ್ ನಿಂತಾಗಲೂ 180 ಸೆಕೆಂಡಿನಲ್ಲಿ 48 ಸೆಕೆಂಡ್ ಲೋಡ್ ಆಗುತ್ತಿತ್ತು, ಈಗ 20" ಅಂತ ಬದಲಿಸಿದೆ. ಮುಖ್ಯ ಸ್ಲೈಡನ್ನು ನಾನು ನಿಧಾನಕ್ಕೆ ವಿವರಿಸಬಹುದು. ಬ್ಯಾಕಪ್ ಹಾಗಲ್ಲ. ಅದು ಪರದೆಗೆ ಬರುವ ಹೊತ್ತಿಗೆ ಎದುರಿನವರು ಉತ್ತರಕ್ಕೆ ಕಾಯುತ್ತಿರುತ್ತಾರೆ. ಒಂದು ಸ್ಲೈಡಿಗೆ ಒಂದೇ ಪ್ರಶ್ನೆ, ಉತ್ತರ ತಲೆಬರಹದಲ್ಲೇ ಇರಬೇಕು.

ಈ ಲೀಕಿನಿಂದ ನನ್ನ ಹಳೇ ಲೆಕ್ಕವೂ ಅಲ್ಲಾಡಿತು. ಮೊದಲ ಸಲ ವರ್ಷಕ್ಕೆ 5 ಲಕ್ಷ ಉಳಿತಾಯ ಅಂತ ಹೇಳಿದ್ದೆ. ಲೀಕ್ ಸರಿ ಮಾಡಿದ್ದರಿಂದ ಉಳಿಯುವುದೂ ಅದರಲ್ಲಿ ಸೇರಿಕೊಂಡಿತ್ತು, ಅದಕ್ಕೂ ಹೊಸ ಮಷಿನ್‌ಗೂ ಸಂಬಂಧ ಇಲ್ಲ. ಬೇರೆ ಮಾಡಿ ನೋಡಿದರೆ 3.87 ಲಕ್ಷ. ಮುಖ್ಯ ಸ್ಲೈಡಿನಲ್ಲಿ ಸಲೀಸಾಗಿ ಓದಲಿ ಅಂತ "4 ಲಕ್ಷ, ಮೂರೂವರೆ ವರ್ಷದಲ್ಲಿ ಹಣ ವಾಪಸ್" ಅಂತ ಹಾಕಿದೆ. ಬ್ಯಾಕಪ್‌ನಲ್ಲಿ 3.87 ಲಕ್ಷ, 3.6 ವರ್ಷ ಅಂತಲೇ ಇತ್ತು. ಎರಡು ದಿನ ಮುಂಚೆ ಅಕೌಂಟ್ಸ್ ಮೇಡಂಗೆ ಓಡಿಸಿ ತೋರಿಸಿದಾಗ ಅವರು ಎರಡನ್ನೂ ನೋಡಿ, "ಇದ್ರಲ್ಲಿ ಯಾವ್ದು ನಿಜ?" ಅಂದರು. ಮೀಟಿಂಗ್‌ನಲ್ಲಿ ಹೀಗಾಗಿದ್ದರೆ ಉಳಿದ ಎಲ್ಲ ಅಂಕಿಗಳ ಮೇಲೂ ಅನುಮಾನ ಬಂದಿರುತ್ತಿತ್ತು. ಎರಡೂ ಕಡೆ 3.87 ಮಾಡಿದೆ. ಈಗ ಬ್ಯಾಕಪ್‌ನ ಪ್ರತಿ ಟೇಬಲ್ಲಿನಲ್ಲೂ ಮುಖ್ಯ ಸ್ಲೈಡಿನ ಅಂಕಿ ಮೊದಲ ಸಾಲಿನಲ್ಲಿ ಹಾಗೆಯೇ ಇರುತ್ತದೆ. ಅದರ ಕೆಳಗೆ ಬದಲಾದರೆ ಏನಾಗುತ್ತದೆ ಅನ್ನುವ ಸಾಲುಗಳು: ಮೂರು ಶಿಫ್ಟ್ ಓಡಿದರೆ 3.6 ವರ್ಷ, ಆರ್ಡರ್ ಇಲ್ಲದೆ ಎರಡೇ ಶಿಫ್ಟ್ ಆದರೆ 5.4 ವರ್ಷ.

ಇನ್ನು ಅದನ್ನು ಪರದೆಗೆ ತರುವ ವಿಷಯ. ಇಲ್ಲಿ ಜನ ಜಾಸ್ತಿ ಎಡವುತ್ತಾರೆ. "ಇದೆ ಇದೆ, ತೋರಿಸ್ತೀನಿ" ಅಂತ ಸ್ಲೈಡ್ ಶೋ ನಿಲ್ಲಿಸಿ, ಎಡಗಡೆಯ ಪಟ್ಟಿಯಲ್ಲಿ ಹುಡುಕಿ, ಮತ್ತೆ ಶುರು ಮಾಡುತ್ತಾರೆ. ಪವರ್‌ಪಾಯಿಂಟ್‌ನಲ್ಲಿ ಅದೆಲ್ಲ ಬೇಕಿಲ್ಲ. ಸ್ಲೈಡ್ ಶೋ ಓಡುತ್ತಿರುವಾಗಲೇ ಸ್ಲೈಡಿನ ನಂಬರ್ ಟೈಪ್ ಮಾಡಿ Enter ಒತ್ತಿದರೆ ನೇರ ಅಲ್ಲಿಗೆ ಹೋಗುತ್ತದೆ. ವಾಪಸ್ ಬರಲೂ ಅಷ್ಟೇ: ನಾಲ್ಕನೇ ಸ್ಲೈಡಿನಲ್ಲಿದ್ದರೆ 4, Enter. ಬ್ಯಾಕಪ್ ಸ್ಲೈಡುಗಳ ಮೇಲೆ ರೈಟ್ ಕ್ಲಿಕ್ ಮಾಡಿ Hide Slide ಕೊಟ್ಟಿರುತ್ತೇನೆ. ಇಲ್ಲದಿದ್ದರೆ ಕೊನೆಯಲ್ಲಿ ಒಂದು ಸಲ ಜಾಸ್ತಿ ಒತ್ತಿದರೂ ಧನ್ಯವಾದದ ಸ್ಲೈಡಿನ ಹಿಂದೆಯೇ ಲೀಕ್ ಟೇಬಲ್ ಬಂದು ನಿಲ್ಲುತ್ತದೆ. Hide ಮಾಡಿದರೂ ನಂಬರ್ ಒತ್ತಿದರೆ ತೆರೆಯುತ್ತದೆ.

ನಂಬರ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಳ್ಳುತ್ತೇನೆ: "9 ಲೀಕ್, 10 ಶಿಫ್ಟ್, 11 ಕೊಟೇಶನ್" ಹೀಗೆ. ಆ ಚೀಟಿ ಬರೆಯುವುದು ಎಲ್ಲ ತಿದ್ದುಪಡಿ ಮುಗಿದ ಮೇಲೆಯೇ. ಮಧ್ಯೆ ಒಂದು ಸ್ಲೈಡ್ ಸೇರಿಸಿದರೆ ಅದರ ನಂತರದ ಎಲ್ಲ ನಂಬರೂ ಒಂದೊಂದು ಮುಂದೆ ಹೋಗುತ್ತವೆ. ಸ್ಲೈಡಿನ ಮೂಲೆಯಲ್ಲಿ "ಬಿ-3" ಅಂತ ನಾವೇ ಬರೆದ ನಂಬರ್ ಇಲ್ಲಿ ನಡೆಯುವುದಿಲ್ಲ, ಫೈಲಿನಲ್ಲಿ ಅದು ಎಷ್ಟನೆಯದೋ ಆ ನಂಬರೇ ಬೇಕು.

ಖಂಡಿತ ಕೇಳುತ್ತಾರೆ ಅನ್ನುವ ಎರಡಕ್ಕೆ ಮಾತ್ರ ಲಿಂಕ್ ಕೊಟ್ಟಿದ್ದೆ. ಮುಖ್ಯ ಸ್ಲೈಡಿನಲ್ಲಿ "3.6 ವರ್ಷ" ಅನ್ನುವುದರ ಮೇಲೆ ಕ್ಲಿಕ್ ಮಾಡಿದರೆ ಶಿಫ್ಟ್ ಟೇಬಲ್ ಬರುತ್ತದೆ. ಆ ಟೇಬಲ್ಲಿನ ಮೂಲೆಯಲ್ಲಿ ಒಂದು ಪುಟ್ಟ ಬಾಣ ಇಟ್ಟು, Insert > Action ನಲ್ಲಿ Last Slide Viewed ಆರಿಸಿದೆ. ಬಂದಲ್ಲಿಗೇ ವಾಪಸ್. ಮೊದಲು ನಡುವೆ ಒಂದು ವಿಷಯಸೂಚಿ ಸ್ಲೈಡ್ ಇಟ್ಟು ನೋಡಿದ್ದೆ. ಆಗ ಬಾಣ ಒತ್ತಿದರೆ ವಿಷಯಸೂಚಿಗೆ ಬರುತ್ತಿತ್ತು, ಮುಖ್ಯ ಸ್ಲೈಡಿಗೆ ಅಲ್ಲ. ಅದು ಕೊನೆಗೆ ನೋಡಿದ ಸ್ಲೈಡಿಗೆ ಮಾತ್ರ ಹೋಗುತ್ತದೆ, ಅದರ ಹಿಂದಿನದು ಅದಕ್ಕೆ ನೆನಪಿಲ್ಲ. ಆ ಸ್ಲೈಡನ್ನೇ ಕಿತ್ತುಹಾಕಿದೆ.

Hide ಅಂದರೆ ಗುಟ್ಟು ಅಲ್ಲ ಅನ್ನುವುದನ್ನು ನಾನು ಮುಖಭಂಗ ಮಾಡಿಕೊಂಡೇ ಕಲಿತೆ. ಹಿಂದೊಮ್ಮೆ ಬೇರೆ ಖರೀದಿಗೆ ಇದೇ ರೀತಿ ಮಾಡಿದ ಫೈಲನ್ನು, ನಮಗೆ ಏನು ಬೇಕು ಅಂತ ತಿಳಿಯಲಿ ಎಂದು ಒಬ್ಬ ಸಪ್ಲೈಯರ್‌ಗೆ ಮೇಲ್ ಮಾಡಿದ್ದೆ. ಮರುದಿನ ಅವರ ಫೋನು: "ಸಾರ್, ಇನ್ನೊಬ್ರು ಕೊಟ್ಟಿರೋ ರೇಟ್ ನೋಡ್ದೆ, ಅಷ್ಟಕ್ಕೆ ನಮ್ಗೆ ಆಗಲ್ಲ." ಕೊಟೇಶನ್ ಹೋಲಿಕೆಯ ಸ್ಲೈಡ್ Hide ಆಗಿತ್ತು, ಅಷ್ಟೇ. ಫೈಲ್ ತೆರೆದವರಿಗೆ ಎಡಗಡೆ ಅದು ಮಸುಕಾಗಿ ಕಾಣುತ್ತಲೇ ಇರುತ್ತದೆ. ಈಗ ಹೊರಗೆ ಕಳಿಸುವುದಕ್ಕೆ ಬೇರೆ ಕಾಪಿ ಮಾಡಿ, ಬ್ಯಾಕಪ್ ಸ್ಲೈಡುಗಳನ್ನೆಲ್ಲ ಅಳಿಸಿ, ಪಿ.ಡಿ.ಎಫ್. ಮಾಡಿ ಒಮ್ಮೆ ಕೊನೆಯ ಪುಟದವರೆಗೂ ನೋಡಿ ಕಳಿಸುತ್ತೇನೆ. ಅಳಿಸುವುದು ಸರಿ ಅನ್ನಿಸುವ ಜಾಗ ಅದೊಂದೇ.

ಎರಡನೇ ಮೀಟಿಂಗ್‌ನಲ್ಲಿ ಏಳು ಸ್ಲೈಡ್ ಹನ್ನೊಂದು ನಿಮಿಷಕ್ಕೆ ಮುಗಿದವು. ಲೀಕಿನ ಬಗ್ಗೆ ಎಂ.ಡಿ. ಏನೂ ಕೇಳಲಿಲ್ಲ. ಒಂಬತ್ತರಲ್ಲಿ ತೆರೆದದ್ದು ಮೂರೇ: ಶಿಫ್ಟ್ ಟೇಬಲ್, ಕೊಟೇಶನ್ ಹೋಲಿಕೆ, ಒಂದು ವಾರದ ಕರೆಂಟ್ ರೀಡಿಂಗ್. ಇನ್ನೊಂದನ್ನೂ ತೋರಿಸೋಣ ಅಂತ ಕೈ ತುರಿಸುತ್ತಿತ್ತು, ಯಾರೂ ಕೇಳದ್ದರಿಂದ ಸುಮ್ಮನಾದೆ. ಅಷ್ಟರಲ್ಲಿ ಸ್ಟೋರ್ಸ್‌ನವರು, "ಹಳೇ ಕಂಪ್ರೆಸರ್ ಏನ್ ಮಾಡ್ತೀರಿ? ಇಡೋಕೆ ಜಾಗ ಎಲ್ಲಿದೆ?" ಅಂತ ಕೇಳಿದರು. ನನ್ನ 23ರಲ್ಲಿ ಅದು ಇರಲಿಲ್ಲ. ಸ್ಟೋರ್ಸ್‌ನವರನ್ನು ನಾನು ಮೊದಲೇ ಕೇಳಿರಲೂ ಇಲ್ಲ. "ಶುಕ್ರವಾರದೊಳಗೆ ಹೇಳ್ತೀನಿ" ಅಂದೆ. ಸ್ಟ್ಯಾಂಡ್‌ಬೈ ಆಗಿ ಇಟ್ಟುಕೊಂಡಿದ್ದೇವೆ, ಡೀಸೆಲ್ ಜನರೇಟರ್ ಶೆಡ್ಡಿನ ಹಿಂದೆ.