ಸಂಘರ್ಷ ನಿವಾರಣೆಯ ಪ್ರಶ್ನೆಗಳು: ಐದು ವಿಧಾನಗಳಲ್ಲಿ ಸರಿಯಾದುದನ್ನು ಆರಿಸುವುದು ಹೇಗೆ?

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ನಡೆಸುವ ಪಿಎಂಪಿ ಪರೀಕ್ಷೆಗೆ ಓದುವವರು ವಿತ್‌ಡ್ರಾ, ಸ್ಮೂತ್, ಕಾಂಪ್ರಮೈಸ್, ಫೋರ್ಸ್, ಕೊಲ್ಯಾಬರೇಟ್ ಎಂಬ ಐದು ವಿಧಾನಗಳ ಹೆಸರನ್ನು ಬೇಗ ಕಲಿತುಬಿಡುತ್ತಾರೆ. ಅದೇ ಸಂಸ್ಥೆಯ ಕೈಪಿಡಿಯಾದ ಪಿಎಂಬಾಕ್ ಗೈಡ್‌ನ 2017ರಲ್ಲಿ ಬಂದ 6ನೇ ಆವೃತ್ತಿಯಲ್ಲಿ ಇವೇ ಐದು ಇವೆ. ಆದರೂ ಪ್ರಶ್ನೆ ಎದುರಾದಾಗ ಹೆಚ್ಚಿನವರು ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ವ್ಯಾಖ್ಯೆ ನೆನಪಿದ್ದರೂ ಸನ್ನಿವೇಶದಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಗಮನಿಸದಿರುವುದೇ ಇದಕ್ಕೆ ಮುಖ್ಯ ಕಾರಣ.

ಮೊದಲು ಪ್ರಶ್ನೆಯ ಕೊನೆಯ ಸಾಲನ್ನು ಓದಿ. ಈ ಪ್ರಶ್ನೆಗಳಲ್ಲಿ ಎರಡು ಬಗೆಯಿದ್ದು, ಮ್ಯಾನೇಜರ್ ಯಾವ ವಿಧಾನ ಬಳಸಿದರು ಎಂದು ಕೇಳುವುದು ಒಂದು ಬಗೆ, ಅವರು ಏನು ಮಾಡಬೇಕು ಎಂದು ಕೇಳುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ನಡೆದುದನ್ನು ಗುರುತಿಸಿದರೆ ಸಾಕು. ಅದು ಒಳ್ಳೆಯ ನಿರ್ಧಾರವೇ ಅಲ್ಲವೇ ಎಂಬುದು ಅಲ್ಲಿ ಅಪ್ರಸ್ತುತ. ಕೊಲ್ಯಾಬರೇಟ್ ಎಂಬುದೇ ಯಾವಾಗಲೂ ಸರಿಯುತ್ತರ ಎಂದುಕೊಂಡು ಗುರುತಿಸುವ ಪ್ರಶ್ನೆಯಲ್ಲೂ ಅದನ್ನೇ ಆರಿಸಿ ಅಂಕ ಕಳೆದುಕೊಳ್ಳುವವರು ಅನೇಕರು.

ಒಂದು ಸನ್ನಿವೇಶವನ್ನು ತೆಗೆದುಕೊಳ್ಳೋಣ. ಆ್ಯಪ್ ಒಂದರ ಬಿಡುಗಡೆಗೆ ಮುನ್ನ ಪರೀಕ್ಷೆಗೆ 10 ದಿನ ಬೇಕೆಂದು ಟೆಸ್ಟಿಂಗ್ ತಂಡದ ಮುಖ್ಯಸ್ಥೆ ಹೇಳುತ್ತಾರೆ. 4 ದಿನಕ್ಕಿಂತ ಹೆಚ್ಚು ಕೊಡಲಾಗದೆಂದು ಡೆವಲಪರ್‌ಗಳ ಮುಖ್ಯಸ್ಥ ಪಟ್ಟು ಹಿಡಿಯುತ್ತಾರೆ. ಮ್ಯಾನೇಜರ್ 7 ದಿನಕ್ಕೆ ಇಬ್ಬರನ್ನೂ ಒಪ್ಪಿಸಿದರೆ ಅದು ಕಾಂಪ್ರಮೈಸ್, ಏಕೆಂದರೆ ಇಬ್ಬರೂ ತಮಗೆ ಬೇಕಾದುದರಲ್ಲಿ ಒಂದು ಪಾಲನ್ನು ಬಿಟ್ಟಿದ್ದಾರೆ. ಹಾಗಲ್ಲದೆ ಇಬ್ಬರನ್ನೂ ಕೂರಿಸಿ ಆ 10 ದಿನ ಏಕೆ ಬೇಕೆಂದು ಕೇಳಿದಾಗ, ಹಣ ಪಾವತಿಯ ಭಾಗವೊಂದೇ 6 ದಿನ ಹಿಡಿಯುತ್ತದೆಂದು ತಿಳಿದು, ಆ ಭಾಗವನ್ನು ಎರಡನೆಯ ಹಂತಕ್ಕೆ ಇಟ್ಟು ಉಳಿದುದನ್ನು 4 ದಿನದಲ್ಲಿ ಪೂರ್ತಿಯಾಗಿ ಪರೀಕ್ಷಿಸಿ ಬಿಡುಗಡೆ ಮಾಡಲು ಇಬ್ಬರೂ ಮನಸಾರೆ ಒಪ್ಪಿದರೆ ಅದು ಕೊಲ್ಯಾಬರೇಟ್. ಇವೆರಡರಲ್ಲೂ ಕೊನೆಗೆ ಒಪ್ಪಂದವಾಗುವುದರಿಂದಲೇ ಗೊಂದಲ ಹುಟ್ಟುತ್ತದೆ. ಕಾಂಪ್ರಮೈಸ್‌ನಲ್ಲಿ ಚೌಕಾಶಿ ನಡೆಯುತ್ತದೆ. ಕೊಲ್ಯಾಬರೇಟ್‌ನಲ್ಲಿ ಮೂಲ ಕಾರಣವನ್ನು ಹುಡುಕಲಾಗುತ್ತದೆ. ಪ್ರಶ್ನೆಯಲ್ಲಿ ಕಾರಣ ವಿಚಾರಿಸಿದ ಸುಳಿವೇ ಇಲ್ಲದೆ ಬರಿಯ ನಡುವಿನ ಅಂಕಿಯೊಂದು ಕಂಡರೆ ಅದು ಕಾಂಪ್ರಮೈಸ್ ಎಂದೇ ತಿಳಿಯಬಹುದು.

ಅದೇ ಮ್ಯಾನೇಜರ್, “ನಿಮ್ಮಿಬ್ಬರಿಗೂ ಬೇಕಿರುವುದು ಗ್ರಾಹಕರ ಹಿತವೇ ಅಲ್ಲವೇ?” ಎಂದು ಒಮ್ಮತವಿರುವ ಅಂಶವನ್ನು ಎತ್ತಿ ಹಿಡಿದು ಭಿನ್ನಾಭಿಪ್ರಾಯವನ್ನು ತೇಲಿಸಿಬಿಟ್ಟರೆ ಅದು ಸ್ಮೂತ್. ಇಲ್ಲಿ ಮಾತು ಮೃದುವಾಗಿದ್ದರೂ ದಿನಗಳ ಲೆಕ್ಕ ಹಾಗೆಯೇ ಉಳಿದಿರುತ್ತದೆ ಎಂಬುದನ್ನು ಗಮನಿಸಬೇಕು. “ಶುಕ್ರವಾರ ಬಿಡುಗಡೆ, ಇದು ನನ್ನ ತೀರ್ಮಾನ” ಎಂದರೆ ಫೋರ್ಸ್. ವಿಷಯವನ್ನೇ ಮುಂದಿನ ತಿಂಗಳಿಗೆ ದೂಡಿದರೆ ವಿತ್‌ಡ್ರಾ.

ಇನ್ನು, ಏನು ಮಾಡಬೇಕು ಎಂದು ಕೇಳಿದಾಗ ಸನ್ನಿವೇಶದೊಳಗಿನ ಒತ್ತಡವನ್ನು ಅಳೆಯಬೇಕು. ಸಮಯ ಎಷ್ಟಿದೆ, ವಿಷಯ ಎಷ್ಟು ಗಂಭೀರ, ಯಾರಿಗೆ ಎಷ್ಟು ಅಧಿಕಾರವಿದೆ, ಮುಂದೆಯೂ ಇವರು ಒಟ್ಟಿಗೆ ಕೆಲಸ ಮಾಡಬೇಕೇ, ಪರಿಹಾರ ತಾತ್ಕಾಲಿಕವಾದರೆ ಸಾಕೇ ಎಂಬುವೇ ಅಲ್ಲಿನ ಅಳತೆಗಳು. ಸಮಯವಿದ್ದು ಸಂಬಂಧವೂ ಉಳಿಯಬೇಕಿದ್ದರೆ ಕೊಲ್ಯಾಬರೇಟ್ ಸಾಮಾನ್ಯವಾಗಿ ಸರಿಯುತ್ತರ. ಆದರೆ ಕಟ್ಟಡದ ಕೆಲಸದಲ್ಲಿ ಸಾರುವೆ ವಾಲುತ್ತಿದೆ, ಕೆಲಸ ನಿಲ್ಲಿಸಬೇಕೇ ಬೇಡವೇ ಎಂದು ಇಬ್ಬರು ಎಂಜಿನಿಯರ್‌ಗಳು ವಾದಿಸುತ್ತಿದ್ದಾರೆ ಎಂದಿದ್ದರೆ, ಜೀವಾಪಾಯ ಎದುರಿಗೇ ಇರುವುದರಿಂದ ಕೆಲಸ ನಿಲ್ಲಿಸಲು ಆದೇಶಿಸುವ ಫೋರ್ಸ್ ಸರಿಯಾಗುತ್ತದೆ. ಸಭೆಯಲ್ಲಿ ಇಬ್ಬರು ಕೂಗಾಡುತ್ತಿದ್ದು ತುರ್ತು ಏನೂ ಇಲ್ಲದಿದ್ದರೆ, ಸಿಟ್ಟು ಇಳಿಯುವವರೆಗೆ ಚರ್ಚೆಯನ್ನು ನಿಲ್ಲಿಸಿ ಅನಂತರ ಖಾಸಗಿಯಾಗಿ ಕರೆದು ಮಾತನಾಡುವ ಆಯ್ಕೆಯನ್ನು ನೋಡಿ. ಆಗ ವಿತ್‌ಡ್ರಾ ಮೊದಲ ಹೆಜ್ಜೆ ಮಾತ್ರ.

ಆಯ್ಕೆಗಳಲ್ಲಿ ವಿಧಾನದ ಹೆಸರು ಇಲ್ಲದೆ ಕೇವಲ ಕ್ರಿಯೆಗಳಿದ್ದರೆ ಪ್ರತಿಯೊಂದರ ಮುಂದೆಯೂ ಮನಸ್ಸಿನಲ್ಲೇ ಹೆಸರು ಬರೆದುಕೊಳ್ಳಿ. ತಂಡದೊಳಗಿನ ಸಾಮಾನ್ಯ ಜಗಳವನ್ನು ಸ್ಪಾನ್ಸರ್ ಬಳಿಗೋ ವಿಭಾಗದ ಮುಖ್ಯಸ್ಥರ ಬಳಿಗೋ ಒಯ್ಯುವ ಆಯ್ಕೆಯನ್ನು ಸಾಮಾನ್ಯವಾಗಿ ಮೊದಲೇ ತಳ್ಳಿಹಾಕಬಹುದು. ಸಂಬಂಧಪಟ್ಟವರೇ ನೇರವಾಗಿ ಮಾತನಾಡಿ ಬಗೆಹರಿಸಿಕೊಳ್ಳಲಿ, ಆಗದಿದ್ದರೆ ಮ್ಯಾನೇಜರ್ ನೆರವಾಗಲಿ ಎಂಬ ಕ್ರಮವನ್ನೇ ಪರೀಕ್ಷೆ ನಿರೀಕ್ಷಿಸುತ್ತದೆ. ಆ ಪ್ರಯತ್ನ ಆಗಲೇ ವಿಫಲವಾಗಿದೆ ಎಂದು ಪ್ರಶ್ನೆಯಲ್ಲೇ ಹೇಳಿದ್ದರೆ, ಅಥವಾ ನಿರ್ಧಾರವು ಮ್ಯಾನೇಜರ್ ಅಧಿಕಾರವನ್ನು ಮೀರಿದ್ದರೆ, ಮೇಲಿನವರಿಗೆ ತಿಳಿಸುವ ಅದೇ ಆಯ್ಕೆಯನ್ನು ಮತ್ತೆ ಪರಿಗಣಿಸಬೇಕಾಗುತ್ತದೆ.