ಉದ್ದರಿ ಬಾಕಿಯಲ್ಲಿ ಎಷ್ಟು ಮುಳುಗಬಹುದು? ಪ್ರಾವಿಜನ್ ಮ್ಯಾಟ್ರಿಕ್ಸ್ ಕಟ್ಟುವ ಬಗೆ

ದಾವಣಗೆರೆಯ ಮೆಕ್ಕೆಜೋಳ ಕೊಂಡು ಕೋಳಿ ಆಹಾರ ತಯಾರಿಸುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಡೀಲರುಗಳಿಗೂ ಕೋಳಿ ಸಾಕಣೆದಾರರಿಗೂ ಅದು 30 ದಿನಗಳ ಉದ್ದರಿ ಕೊಡುತ್ತದೆ. ಗಾತ್ರ ಸಣ್ಣದಾದರೂ ಷೇರುಪೇಟೆಯ ದೊಡ್ಡ ಕಂಪನಿಯೊಂದರ ಅಂಗಸಂಸ್ಥೆಯಾದ್ದರಿಂದ ಹಣಕಾಸು ಆಸ್ತಿಗಳ ಲೆಕ್ಕ ಹೇಗಿರಬೇಕೆಂದು ಹೇಳುವ ಇಂಡ್ ಎಎಸ್ 109 ಮಾನದಂಡ ಅದಕ್ಕೆ ಅನ್ವಯಿಸುತ್ತದೆ. ಮಾರ್ಚ್ 31ಕ್ಕೆ ಗ್ರಾಹಕರಿಂದ ಬರಬೇಕಾದದ್ದು 185 ಲಕ್ಷ ರೂಪಾಯಿ. ಇದರಲ್ಲಿ ಎಷ್ಟು ಬಾರದೆ ಹೋಗಬಹುದು ಎಂಬುದನ್ನು ಅಂದಾಜಿಸಿ ಈಗಲೇ ನಷ್ಟವಾಗಿ ತೋರಿಸಬೇಕು. ‘ಆರು ತಿಂಗಳು ದಾಟಿದ್ದಕ್ಕೆ ಅರ್ಧ, ಉಳಿದದ್ದಕ್ಕೆ ಸೊನ್ನೆ’ ಎಂಬ ಹಳೆಯ ರೂಢಿ ಇಲ್ಲಿ ನಡೆಯದು. ಇನ್ನೂ ವಾಯಿದೆ ಮುಗಿಯದ ಬಿಲ್ಲಿಗೂ ಸ್ವಲ್ಪ ನಷ್ಟ ಕಟ್ಟಲೇಬೇಕು. ವಾಯಿದೆ ಕಳೆದು ಎಷ್ಟು ದಿನವಾಯಿತು ಎಂಬುದರ ಮೇಲೆ ಬಾಕಿಯನ್ನು ವಿಂಗಡಿಸಿ, ಪ್ರತಿ ಗುಂಪಿಗೂ ಒಂದು ನಷ್ಟದ ದರ ಹಾಕುವ ಪಟ್ಟಿಯೇ ಪ್ರಾವಿಜನ್ ಮ್ಯಾಟ್ರಿಕ್ಸ್.

ಮೊದಲ ಹೆಜ್ಜೆ ವಿಂಗಡಣೆ. ಪ್ರತಿ ಆಸ್ತಿಯ ಬಗ್ಗೆ ಎರಡು ಪ್ರಶ್ನೆ ಕೇಳಿ: ಇದನ್ನು ಹಣ ವಸೂಲಿಗಾಗಿ ಇಟ್ಟುಕೊಂಡಿದ್ದೇವೆಯೇ, ಮಾರಾಟಕ್ಕಾಗಿಯೇ? ಬರುವ ಹಣ ಬರೀ ಅಸಲು ಮತ್ತು ಬಡ್ಡಿಯೇ? ಗ್ರಾಹಕರ ಬಾಕಿ ವಸೂಲಿಗಾಗಿಯೇ ಇರುವುದರಿಂದ ಅದು ‘ಅಮಾರ್ಟೈಸ್ಡ್ ಕಾಸ್ಟ್’, ಅಂದರೆ ಮಾರುಕಟ್ಟೆ ಬೆಲೆಯ ಬದಲು ವಸೂಲಾಗಬೇಕಾದ ಮೊತ್ತದ ಆಧಾರದಲ್ಲಿ ಅಳೆಯುವ ಗುಂಪಿಗೆ ಸೇರುತ್ತದೆ. ವಸೂಲಿಯ ಜೊತೆಗೆ ಮಾರಾಟವೂ ಉದ್ದೇಶವಾಗಿರುವ ಬಾಂಡುಗಳಂಥವಕ್ಕೆ ಬೇರೆ ಗುಂಪಿದೆ. ಈ ಕಂಪನಿಯಲ್ಲಿ ಅಂಥದ್ದಿಲ್ಲ. ಮ್ಯೂಚುವಲ್ ಫಂಡ್ ಯೂನಿಟ್ಟಿನಿಂದ ಬರುವುದು ಅಸಲು–ಬಡ್ಡಿಯಲ್ಲ, ಮಾರುಕಟ್ಟೆ ಬೆಲೆಯ ಏರಿಳಿತ. ಅದನ್ನು ನ್ಯಾಯಬೆಲೆಯಲ್ಲಿ ಅಳೆದು ವ್ಯತ್ಯಾಸವನ್ನು ಲಾಭ–ನಷ್ಟಕ್ಕೆ ಹಾಕುತ್ತಾರೆ, ಬೇರೆ ಸಾಲನಷ್ಟ ಲೆಕ್ಕ ಬೇಡ. ಮೆಕ್ಕೆಜೋಳದ ವರ್ತಕರಿಗೆ ಕೊಟ್ಟ ಮುಂಗಡ ತೀರುವುದು ಹಣದಲ್ಲಲ್ಲ, ಮಾಲಿನಲ್ಲಿ. ಆದ್ದರಿಂದ ಅದು ಹಣಕಾಸು ಆಸ್ತಿಯೇ ಅಲ್ಲ. ಇದನ್ನು ಮ್ಯಾಟ್ರಿಕ್ಸಿಗೆ ಸೇರಿಸಿಬಿಡುವುದು ಬಹಳ ಕಡೆ ಕಾಣುವ ತಪ್ಪು.

ಎರಡನೆಯದು ದರ ಕಂಡುಕೊಳ್ಳುವುದು. ಕಳೆದ ವರ್ಷದ ಬಿಲ್ಲುಗಳ ಕಥೆ ಇನ್ನೂ ಮುಗಿದಿರುವುದಿಲ್ಲ. ಹಾಗಾಗಿ ವಸೂಲಿ ಪೂರ್ತಿ ಮುಗಿದಿರುವ ಹಿಂದಿನದೊಂದು ವರ್ಷವನ್ನು ತೆಗೆದುಕೊಳ್ಳಿ. ಆ ವರ್ಷ 1,000 ಲಕ್ಷ ರೂ. ಉದ್ದರಿ ಮಾರಾಟವಾಗಿತ್ತು ಎನ್ನೋಣ. ಅದರಲ್ಲಿ 400 ಲಕ್ಷ ವಾಯಿದೆಗೆ ಬರಲಿಲ್ಲ. ವಾಯಿದೆ ಕಳೆದು 30 ದಿನವಾದ ಮೇಲೂ 150, 60 ದಿನದ ಮೇಲೂ 60, 90 ದಿನದ ಮೇಲೂ 20 ಲಕ್ಷ ಉಳಿಯಿತು. ಕೊನೆಗೆ 6 ಲಕ್ಷ ಮುಳುಗಿತು. ಮುಳುಗಿದ ಆ 6 ಲಕ್ಷ ಎಲ್ಲ ಹಂತಗಳನ್ನೂ ದಾಟಿಕೊಂಡೇ ಬಂದದ್ದು. ಆದ್ದರಿಂದ ಪ್ರತಿ ಹಂತ ತಲುಪಿದ ಮೊತ್ತದಿಂದ 6ನ್ನು ಭಾಗಿಸಿದರೆ ಆ ಹಂತದ ನಷ್ಟದ ದರ ಸಿಗುತ್ತದೆ: ಶೇ 0.6, 1.5, 4, 10 ಮತ್ತು 30. ಒಂದೇ ವರ್ಷವನ್ನು ನಂಬುವ ಬದಲು ಮೂರು–ನಾಲ್ಕು ವರ್ಷಗಳ ಸರಾಸರಿ ತೆಗೆಯುವುದು ಒಳ್ಳೆಯದು.

ಮೂರನೆಯದು ಮುಂದಿನದನ್ನು ನೋಡುವುದು. ಹಕ್ಕಿಜ್ವರದ ಸುದ್ದಿ ಬಂದರೆ ಕೋಳಿ ಮಾಂಸದ ಬೇಡಿಕೆ ಕುಸಿಯುತ್ತದೆ, ಸಾಕಣೆದಾರರ ಕೈ ಕಟ್ಟಿಹೋಗುತ್ತದೆ. ಅಂಥ ಸೂಚನೆಗಳ ಆಧಾರದ ಮೇಲೆ ನಮ್ಮ ಕಂಪನಿ ನಷ್ಟದ ದರಗಳನ್ನು ಐದನೇ ಒಂದು ಭಾಗದಷ್ಟು ಏರಿಸಿತು ಎನ್ನೋಣ. ಲೆಕ್ಕಪರಿಶೋಧಕರು ಮೊದಲು ಕೇಳುವುದು ಈ ಏರಿಕೆಗೆ ಆಧಾರವೇನು ಎಂದೇ. ಹಿಂದೆ ಬೆಲೆ ಕುಸಿದಾಗ ನಿಮ್ಮದೇ ವಸೂಲಿ ಎಷ್ಟು ಕುಂದಿತ್ತು ಎಂಬ ದಾಖಲೆ ಇಟ್ಟುಕೊಳ್ಳಿ.

| ವಾಯಿದೆ ಕಳೆದು | ಬಾಕಿ (ಲಕ್ಷ ರೂ.) | ದರ (ಶೇ) | ನಷ್ಟ (ಲಕ್ಷ ರೂ.) |
|---|---|---|---|
| ಇನ್ನೂ ಕಳೆದಿಲ್ಲ | 100 | 0.72 | 0.72 |
| 1–30 ದಿನ | 50 | 1.8 | 0.90 |
| 31–60 ದಿನ | 20 | 4.8 | 0.96 |
| 61–90 ದಿನ | 10 | 12 | 1.20 |
| 90 ದಿನ ಮೀರಿ | 5 | 36 | 1.80 |
| ಒಟ್ಟು | 185 | | 5.58 |

ಲೆಕ್ಕ ಇಷ್ಟೇ. ಕಷ್ಟವಿರುವುದು ಎರಡನೇ ಕಾಲಮ್ಮಿನಲ್ಲಿ. ದಿನಗಳನ್ನು ಎಣಿಸಬೇಕಾದದ್ದು ವಾಯಿದೆಯ ದಿನದಿಂದ, ಬಿಲ್ಲಿನ ದಿನಾಂಕದಿಂದಲ್ಲ. ಡೀಲರು ‘ಖಾತೆಗೆ’ ಎಂದು ಕಟ್ಟಿದ ಹಣವನ್ನು ಯಾವ ಬಿಲ್ಲಿಗೂ ಜಮೆ ಮಾಡದೆ ಬಿಟ್ಟರೆ, ತೀರಿದ ಬಿಲ್ಲುಗಳೂ ಹಳೆಯ ಬಾಕಿಯಾಗಿ ಕಾಣುತ್ತವೆ. ಬಂದ ಹಣವನ್ನೆಲ್ಲ ಕಣ್ಣುಮುಚ್ಚಿ ಹಳೆಯ ಬಿಲ್ಲಿಗೆ ಜಮೆ ಮಾಡಿದರೆ ಇದರ ಉಲ್ಟಾ ಆಗುತ್ತದೆ: ಗುಣಮಟ್ಟದ ತಕರಾರಿನಿಂದ ವರ್ಷದಿಂದ ನಿಂತ ಬಿಲ್ಲು ಮಾಯವಾಗಿ ಬಾಕಿಯೆಲ್ಲ ಹೊಸದಾಗಿ ತೋರುತ್ತದೆ. 90 ದಿನ ದಾಟಿದ ಸಾಲಿನಲ್ಲಿ ಏನೂ ಇಲ್ಲದೆ, ಅದೇ ಡೀಲರಿನ ಜೊತೆ ತಕರಾರಿನ ಪತ್ರಗಳು ಮಾತ್ರ ಓಡಾಡುತ್ತಿದ್ದರೆ ಈ ಅನುಮಾನ ಬರಬೇಕು.

ಅಂಗಡಿ ಮುಚ್ಚಿ ಹೋದ ಡೀಲರು ಒಬ್ಬನಿದ್ದರೆ ಅವನ ಬಾಕಿಯನ್ನು ಪಟ್ಟಿಯಿಂದ ಹೊರತೆಗೆದು ಪ್ರತ್ಯೇಕವಾಗಿ ಅಂದಾಜಿಸಿ. ಎರಡೂ ಕಡೆ ಇಟ್ಟರೆ ಒಂದೇ ನಷ್ಟ ಎರಡು ಸಲ ಬರುತ್ತದೆ.

ಕೊನೆಗೆ ಪುಸ್ತಕದ ನಮೂದು. 5.58 ಲಕ್ಷವನ್ನು ಪೂರ್ತಿ ಈ ವರ್ಷದ ಖರ್ಚಿಗೆ ಬರೆಯುವಂತಿಲ್ಲ. ವರ್ಷದ ಆರಂಭದಲ್ಲಿ 4.10 ಲಕ್ಷದ ಪ್ರಾವಿಜನ್ ಇತ್ತು, ನಡುವೆ ವಸೂಲಾಗದ 0.60 ಲಕ್ಷದ ಬಾಕಿಯನ್ನು ಅದರಿಂದ ವಜಾ ಮಾಡಲಾಗಿತ್ತು ಎಂದಿಟ್ಟುಕೊಂಡರೆ ಉಳಿದದ್ದು 3.50 ಲಕ್ಷ. ಲಾಭ–ನಷ್ಟ ಖಾತೆಗೆ ಹೋಗುವುದು ವ್ಯತ್ಯಾಸವಾದ 2.08 ಲಕ್ಷ ಮಾತ್ರ. ಮುಂದಿನ ಮಾರ್ಚಿನಲ್ಲಿ ಇದೇ ಪಟ್ಟಿಯನ್ನು ತೆಗೆದು, ಈ 185 ಲಕ್ಷದಲ್ಲಿ ನಿಜವಾಗಿ ಬಾರದೆ ಉಳಿದದ್ದೆಷ್ಟು ಎಂದು ಸಾಲುಸಾಲಾಗಿ ಹೋಲಿಸಿ, ದರಗಳನ್ನು ತಿದ್ದಿಕೊಳ್ಳಬೇಕು.