ಕಣ್ಣು ಕಾಣದ ಪಾತ್ರಕ್ಕೆ ಜ್ಯೋತಿ ಅಂತ ಹೆಸರಿಡಬೇಡಿ

ಕಥಾ ಕಮ್ಮಟಗಳಲ್ಲಿ ಈ ಕಥೆ ಮತ್ತೆ ಮತ್ತೆ ನನ್ನ ಕೈಗೆ ಬರುತ್ತದೆ. ಕಣ್ಣು ಕಾಣದ ಹುಡುಗಿ, ಹೆಸರು ಜ್ಯೋತಿ. ಚೆನ್ನಾಗಿ ಹಾಡುತ್ತಾಳೆ, ಯಾರ ಮೇಲೂ ಸಿಟ್ಟಿಲ್ಲ. ಕೊನೆಗೆ ಕಣ್ಣಿರುವ ಒಬ್ಬ ಅವಳಿಂದ ಬದುಕುವುದನ್ನು ಕಲಿಯುತ್ತಾನೆ. ಅವಳಿಗೆ ಏನು ಬೇಕಿತ್ತು ಅಂತ ಯಾರೂ ಕೇಳುವುದೇ ಇಲ್ಲ.

ಮೊದಲು ಅದನ್ನು ಕೇಳಿ. ನಮ್ಮ ಪಾತ್ರ ಶೈಲಜಾ ಅಂತಿರಲಿ. 42 ವರ್ಷ, ಹಾಸನದಲ್ಲಿ ಬ್ಯಾಂಕ್ ಕೆಲಸ. ಅಮ್ಮನ ಮನೆ ಮಾರಬೇಕು ಅಂತ ತಮ್ಮ ಅನ್ನುತ್ತಾನೆ, ಇವಳು ಒಪ್ಪುವುದಿಲ್ಲ. ಅಮ್ಮನ ಎರಡು ಬಳೆ ಇವಳ ಬೀರುವಿನಲ್ಲಿವೆ. ತಮ್ಮನಿಗೆ ಹೇಳಿಲ್ಲ.

ಆಮೇಲೆ, ಅವಳಿಗೆ ಎಷ್ಟು ಕಾಣುತ್ತದೆ ಅಂತ ತೀರ್ಮಾನಿಸಿ. ಎಲ್ಲರೂ ಎಡವುವುದು ಇಲ್ಲೇ. ಕುರುಡು ಅಂದರೆ ಪೂರ್ತಿ ಕತ್ತಲೆ ಅಂದುಕೊಂಡುಬಿಡುತ್ತಾರೆ. ಎಷ್ಟೋ ಜನರಿಗೆ ಸ್ವಲ್ಪವಾದರೂ ಕಾಣುತ್ತದೆ. ಶೈಲಜಾಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ ಕಣ್ಣಿನ ಕಾಯಿಲೆ. ಇದರಲ್ಲಿ ಸಾಮಾನ್ಯವಾಗಿ ಮೊದಲು ರಾತ್ರಿ ಕಾಣುವುದು ಕಡಿಮೆಯಾಗುತ್ತದೆ. ಆಮೇಲೆ ಅಕ್ಕಪಕ್ಕದ ನೋಟ ಹೋಗುತ್ತದೆ. ನಡುವಿನದು ಬಹಳ ಕಾಲ ಉಳಿಯುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಹಾಗಾಗಿ ಅವಳು ಬಿಳಿ ಕೋಲು ಹಿಡಿದು ಬಸ್ ಸ್ಟ್ಯಾಂಡಿಗೆ ಬರುತ್ತಾಳೆ, ಕೂತು ಮೊಬೈಲ್ ಓದುತ್ತಾಳೆ. ಪಕ್ಕದವರು "ನಾಟಕ" ಅನ್ನುತ್ತಾರೆ. ಬಿಸಿಲಿನಿಂದ ಮನೆಯೊಳಗೆ ಬಂದರೆ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ಅಷ್ಟು ಹೊತ್ತು ಬಾಗಿಲ ಬಳಿಯೇ ನಿಲ್ಲುತ್ತಾಳೆ.

ಅರ್ಧ ಗಂಟೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬರೆಯುವ ಸುಲಭದ ದಾರಿ ಬೇಡ. ಅದರಲ್ಲಿ ನಿಮಗೆ ಸಿಗುವುದು ಇವತ್ತು ಕಣ್ಣು ಹೋದವರ ಗಾಬರಿ. ಇಪ್ಪತ್ತು ವರ್ಷದ ರೂಢಿ ಸಿಗುವುದಿಲ್ಲ. ಮುಖ ಮುಟ್ಟಿ ಗುರುತು ಹಿಡಿಯುವುದು, ಹೆಜ್ಜೆಯ ಸದ್ದಿನಲ್ಲೇ ಮನಸ್ಸು ಓದುವುದು, "ಒಳಗಣ್ಣು" ಅನ್ನುವ ಪದ, ಇವನ್ನೂ ಬಿಡಿ.

ಈಗ ದೃಶ್ಯ. ಸಂಜೆ ಮನೆಯ ಹಕ್ಕು ಬಿಡುಗಡೆ ಪತ್ರ ಹಿಡಿದು ತಮ್ಮ ಬಂದಿದ್ದಾನೆ. "ಕೊಡಕ್ಕ, ನಾನೇ ಓದಿ ಹೇಳ್ತೀನಿ" ಅನ್ನುತ್ತಾನೆ. ಕೆಟ್ಟ ಕರಡಿನಲ್ಲಿ ಅವಳು ಅವನ ದನಿಯಲ್ಲೇ ಮೋಸ ಹಿಡಿಯುತ್ತಾಳೆ, ಅವನು ಕಾಲಿಗೆ ಬೀಳುತ್ತಾನೆ. ನಾನು ಹೀಗೆ ಬರೆಯುತ್ತೇನೆ: "ಲೈಟ್ ಹಾಕು, ನಾನೇ ಓದ್ತೀನಿ" ಅನ್ನುತ್ತಾಳೆ. ಸಾಲು ಸಾಲಾಗಿ, ನಿಧಾನವಾಗಿ ಓದುತ್ತಾಳೆ. ಅವನಿಗೆ ಕಾಯಲು ಆಗುವುದಿಲ್ಲ. ಹಾಳೆ ತಿರುಗಿಸುವಾಗ ಪಕ್ಕದಲ್ಲಿದ್ದ ಕಾಫಿ ಲೋಟ ಕಾಣದೆ ಕೈ ತಗಲಿ ಚೆಲ್ಲುತ್ತದೆ. ಪತ್ರ ಒದ್ದೆ. ಬೇಕಂತಲೇ ಚೆಲ್ಲಿದಳು ಅಂತ ತಮ್ಮ ಕೂಗಾಡುತ್ತಾನೆ. ಅವಳೂ ಬಿಡುವುದಿಲ್ಲ, ಅಮ್ಮನ ಆಸ್ಪತ್ರೆ ಖರ್ಚಿನ ಹಳೇ ಲೆಕ್ಕ ತೆಗೆಯುತ್ತಾಳೆ. ಬಳೆಯ ಮಾತು ಬಂದಾಗ ಸುಳ್ಳು ಹೇಳುತ್ತಾಳೆ. ಕಣ್ಣಿನ ತೊಂದರೆ ಇಲ್ಲಿ ಜಗಳದೊಳಗೇ ಕೆಲಸ ಮಾಡುತ್ತದೆ, ಅಲ್ವಾ? ಜಗಳ ಮಾತ್ರ ಮನೆಯದು, ಬಳೆಯದು.

ಕೊನೆಯ ಪ್ಯಾರಾದಲ್ಲಿ ತಮ್ಮನ ಕಣ್ಣಲ್ಲಿ ನೀರು ಬಂದಿದ್ದರೆ ಹೊಡೆದುಹಾಕಿ. ಕರಡನ್ನು ಅದೇ ತೊಂದರೆ ಇರುವ ಒಬ್ಬರಿಗೆ ದುಡ್ಡು ಕೊಟ್ಟು ಓದಿಸಿ. ಫೈಲನ್ನೇ ಕಳಿಸಿ, ಹಾಳೆಯ ಫೋಟೊ ಬೇಡ. ಫೋಟೊ ಆದರೆ ಅಕ್ಷರ ದೊಡ್ಡದು ಮಾಡಿಕೊಂಡು ಓದುವುದೂ ಕಷ್ಟ, ಮೊಬೈಲಿನಿಂದ ಓದಿಸಿ ಕೇಳುವುದೂ ಕಷ್ಟ. "ಚೆನ್ನಾಗಿದೆಯಾ?" ಅಂತ ಕೇಳಬೇಡಿ. "ಶೈಲಜಾ ಎಲ್ಲಿ ಹೀಗೆ ಮಾಡುವುದಿಲ್ಲ?" ಅಂತ ಕೇಳಿ.